ತಪ್ಪು ಆಯ್ಕೆ ಬರೆಯುವುದು ಹೇಗೆ: ಹೊಸ ಪ್ರಶ್ನೆ ತಯಾರಕರಿಗೆ

ಈ ಪ್ರಶ್ನೆ ನೋಡಿ: ಶನಿವಾರ ಸಂಜೆ ಮದ್ದೂರಿನಲ್ಲಿ ಪೊಲೀಸರು ಒಬ್ಬನನ್ನು ವಾರಂಟ್ ಇಲ್ಲದೆ ಬಂಧಿಸಿದರು. ಮ್ಯಾಜಿಸ್ಟ್ರೇಟ್ ಮುಂದೆ ಯಾವಾಗ ಹಾಜರುಪಡಿಸಬೇಕು?

ಸರಿ ಉತ್ತರ: ಬಂಧನದಿಂದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ಕಲಂ 58).

ತಪ್ಪು ಆಯ್ಕೆಗೆ ಸುಮ್ನೆ 36, 48 ಗಂಟೆ ಅಂತ ಹಾಕಬೇಡಿ. ಓದದವರೂ ಅದನ್ನು ತಳ್ಳಿಬಿಡುತ್ತಾರೆ. ಜನ ನಿಜವಾಗಿ ಎಲ್ಲಿ ಎಡವುತ್ತಾರೆ ನೋಡಿ. ‘ಸೋಮವಾರ ಕೋರ್ಟ್ ತೆರೆದಾಗ’ ಅನ್ನುವವರು ಭಾನುವಾರ ರಜೆ ಲೆಕ್ಕಕ್ಕಿಲ್ಲ ಅಂದುಕೊಂಡವರು. ‘ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ’ ಅನ್ನುವವರಿಗೆ ಗಡುವು ನೆನಪಿದೆ, ಎಣಿಕೆ ಶುರುವಾಗುವ ಕ್ಷಣ ಗೊತ್ತಿಲ್ಲ. ‘ಪ್ರಯಾಣವೂ ಸೇರಿ 24 ಗಂಟೆಯೊಳಗೆ’ ಅರ್ಧ ಓದಿದವರನ್ನು ಹಿಡಿಯುತ್ತದೆ. ನನಗೆ ಇದೇ ಜಾಸ್ತಿ ಇಷ್ಟ.

ಸರಿ ಉತ್ತರವೊಂದೇ ಉದ್ದವಾಗಿ ಕಾಣದಿರಲಿ. ಇದೇ ನಿಯಮವಿದ್ದ ಹಳೆಯ ಸಿಆರ್‌ಪಿಸಿಯ ಕಲಂ 57ನ್ನು ಬಲೆಯಾಗಿ ಇಡಬೇಡಿ. ಅದು ಬರೀ ನಂಬರ್ ಪರೀಕ್ಷೆ ಅಲ್ವಾ?