ಹೊಸ ವಿಜ್ಞಾನ ಲ್ಯಾಬ್‌ಗೆ 4,50,000 ರೂಪಾಯಿ: ಆಡಳಿತ ಮಂಡಳಿ ಸಭೆಯಲ್ಲಿ ಮನವಿ

ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಆಡಳಿತ ಮಂಡಳಿಯ ಎಲ್ಲ ಸದಸ್ಯರೇ, ಮುಖ್ಯಾಧ್ಯಾಪಕರೇ, ನಮಸ್ಕಾರ.

ಮೇಜಿನ ಮೇಲೆ ಒಂದು ಗಾಜಿನ ಲೋಟ ಇಟ್ಟಿದ್ದೇನೆ. ಒಳಗಿರುವುದು ಮೈಲುತುತ್ತದ ನೀರು. ಸಭೆ ಶುರುವಾಗುವ ಮುಂಚೆ ಅದರಲ್ಲಿ ಒಂದು ಕಬ್ಬಿಣದ ಮೊಳೆ ಹಾಕಿದ್ದೆ. ಅದು ಅಲ್ಲೇ ಇರಲಿ, ಆಮೇಲೆ ತೆಗೆಯೋಣ.

ಈ ಪ್ರಯೋಗ ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠದಲ್ಲೇ ಬರುತ್ತದೆ. ಕಳೆದ ಮಳೆಗಾಲದಲ್ಲಿ ಇದನ್ನು ತರಗತಿಯಲ್ಲಿ ಮಾಡಿ ತೋರಿಸಿದೆ. 42 ಮಕ್ಕಳು, ಒಂದೇ ಲೋಟ. ಮುಂದಿನ ಎರಡು ಬೆಂಚಿನವರಿಗೆ ಕಂಡಿತು, ಉಳಿದವರು ಸುಮ್ನೆ ನನ್ನ ಮುಖ ನೋಡುತ್ತಿದ್ದರು. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಹತ್ತಿರ ಬಂದ. ಎಂದೂ ಕೈ ಎತ್ತಿದವನಲ್ಲ. "ಟೀಚರ್, ನಮ್ಮಪ್ಪ ಕೊಳೆ ಮದ್ದು ಮಾಡುವಾಗ ಕತ್ತಿ ಅದ್ದಿ ನೋಡ್ತಾರೆ. ಕತ್ತಿ ಕೆಂಪಾದ್ರೆ ಇನ್ನೂ ಸುಣ್ಣ ಬೇಕು ಅಂತಾರೆ. ಅದೂ ಇದೇನಾ?" ಅಂತ ಕೇಳಿದ.

ಹೌದು, ಅದೂ ಇದೇ. ನಿಮ್ಮಲ್ಲಿ ಅಡಿಕೆ ತೋಟ ಇರುವವರಿಗೆ ಈ ಪರೀಕ್ಷೆ ಚೆನ್ನಾಗಿ ಗೊತ್ತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸಾಲದೆ ಹೋದರೆ ಮೈಲುತುತ್ತದಲ್ಲಿರುವ ತಾಮ್ರ ಕತ್ತಿಯ ಕಬ್ಬಿಣದ ಮೇಲೆ ಬಂದು ಕೂರುತ್ತದೆ. ಆ ಹುಡುಗ ಇದನ್ನು ಚಿಕ್ಕಂದಿನಿಂದ ನೋಡಿದ್ದಾನೆ. ಪುಸ್ತಕದಲ್ಲಿ ಓದಿದ್ದೂ ತೋಟದಲ್ಲಿ ಕಂಡಿದ್ದೂ ಒಂದೇ ಅಂತ ಅವನಿಗೆ ಅವತ್ತು ಹೊಳೆಯಿತು. ತನ್ನ ಕೈಯಾರೆ ಮೊಳೆ ಹಾಕಿ ನೋಡುವ ಅವಕಾಶ ಮಾತ್ರ ನಾನು ಅವನಿಗೆ ಕೊಡಲಾಗಲಿಲ್ಲ. ಇಂದು ನಿಮ್ಮ ಮುಂದೆ ನಿಂತಿರುವುದು ಅದಕ್ಕೇ.

ಈಗ ನಮ್ಮಲ್ಲಿ ಲ್ಯಾಬ್ ಅಂತ ಇರುವುದು ಸ್ಟಾಫ್ ರೂಮಿನ ಒಂದು ಕಪಾಟು. ಎರಡು ಸೂಕ್ಷ್ಮದರ್ಶಕಗಳಿವೆ. ಮಳೆಗಾಲದ ತೇವಕ್ಕೆ ಎರಡರ ಮಸೂರಕ್ಕೂ ಬೂಷ್ಟು ಹಿಡಿದಿದೆ. ಕಬ್ಬಿಣದ ಸ್ಟ್ಯಾಂಡ್‌ಗಳನ್ನು ಸಮುದ್ರದ ಉಪ್ಪುಗಾಳಿ ತಿಂದುಹಾಕಿದೆ. ಇದು ಯಾರ ತಪ್ಪೂ ಅಲ್ಲ, ನಮ್ಮ ಕರಾವಳಿಯ ಹವೆಯೇ ಹಾಗೆ. ಆದರೆ ಹೊಸದಾಗಿ ಮಾಡುವಾಗ ಈ ಹವೆಯನ್ನು ನೆನಪಿಟ್ಟುಕೊಂಡೇ ಮಾಡಬೇಕು.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಕುಮಟಾದಲ್ಲಿ ಎರಡು ಕಡೆ, ಕಾರವಾರದಲ್ಲಿ ಒಂದು ಕಡೆ ದರ ಕೇಳಿ ಈ ಲೆಕ್ಕ ಹಾಕಿದ್ದೇನೆ.

ಹೊಸ ಕಟ್ಟಡ ಬೇಡ. ಹಳೆಯ ಡೆಸ್ಕುಗಳನ್ನು ತುಂಬಿಟ್ಟಿರುವ ಪಶ್ಚಿಮದ ಕೋಣೆ ಸಾಕು. ಅದರ ಹೆಂಚು ಕೈಯಾಡಿಸಿ, ಸೋರುವ ಗೋಡೆ ಸರಿಮಾಡಿ, ನೆಲಕ್ಕೆ ಟೈಲ್ಸ್ ಹಾಕಲು 85,000 ರೂಪಾಯಿ. ಆರು ಕೆಲಸದ ಮೇಜುಗಳು, ಒಂದಕ್ಕೆ 14,000ದಂತೆ 84,000. ಇವು ಕಬ್ಬಿಣದವಲ್ಲ, ಮರದವೂ ಅಲ್ಲ. ಚಿರೇಕಲ್ಲಿನ ಕಟ್ಟೆಯ ಮೇಲೆ ಗ್ರಾನೈಟ್ ಹಾಸುತ್ತೇವೆ. ತುಕ್ಕಿಲ್ಲ, ಗೆದ್ದಲಿಲ್ಲ. ನಾಲ್ಕು ಸಿಂಕ್, ಪೈಪ್, ಕೊಳಚೆ ನೀರಿನ ವ್ಯವಸ್ಥೆಗೆ 46,000. ವೈರಿಂಗ್ ಮತ್ತು ಫ್ಯಾನ್‌ಗೆ 38,000. ಇಲ್ಲಿಗೆ ಕೋಣೆಯ ಕೆಲಸ ಮುಗಿಯಿತು, ಒಟ್ಟು 2,53,000.

ಸಾಮಾನಿನ ಲೆಕ್ಕ ಇನ್ನು. ಆರು ಸೂಕ್ಷ್ಮದರ್ಶಕ, ಒಂದಕ್ಕೆ 6,500, ಅಂದರೆ 39,000. ಮಸೂರ, ಕನ್ನಡಿ, ಮೀಟರ್, ಅಯಸ್ಕಾಂತ, ವೈರು ಇವಕ್ಕೆಲ್ಲ 48,000. ಗಾಜಿನ ಸಾಮಾನು ಮತ್ತು ರಾಸಾಯನಿಕ 52,000. ಬೀಗ ಇರುವ ಮೂರು ಅಲ್ಯೂಮಿನಿಯಂ ಕಪಾಟು 36,000. ಬೆಂಕಿ ಆರಿಸುವ ಸಿಲಿಂಡರ್, ಕಣ್ಣಿಗೆ ಕನ್ನಡಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ 22,000. ಇದು 1,97,000. ಎರಡೂ ಸೇರಿ 4,50,000 ರೂಪಾಯಿ. ಒಡೆದ ಗಾಜು, ಮುಗಿದ ರಾಸಾಯನಿಕಕ್ಕೆ ಪ್ರತಿ ವರ್ಷ 30,000 ಬೇರೆ ಬೇಕು. ಇದನ್ನು ಮುಚ್ಚಿಟ್ಟರೆ ಲ್ಯಾಬ್ ಮೂರೇ ವರ್ಷಕ್ಕೆ ಮತ್ತೆ ಗೋದಾಮು ಆಗುತ್ತದೆ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಎಂಟು, ಒಂಬತ್ತು, ಹತ್ತು ಸೇರಿ ನಮ್ಮಲ್ಲಿ 186 ಮಕ್ಕಳಿದ್ದಾರೆ. ಲ್ಯಾಬ್ ಹತ್ತು ವರ್ಷ ಬಾಳಿಕೆ ಬಂತು ಅಂತಿಟ್ಟುಕೊಳ್ಳಿ. ವರ್ಷದ ಖರ್ಚನ್ನೂ ಸೇರಿಸಿದರೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು 400 ರೂಪಾಯಿ ಬೀಳುತ್ತದೆ. ಒಂದು ಗೈಡು ಪುಸ್ತಕದ ಬೆಲೆ ಅಷ್ಟೆ, ಅಲ್ವಾ?

ಸ್ಮಾರ್ಟ್ ಬೋರ್ಡ್ ಇದೆಯಲ್ಲ, ವಿಡಿಯೋ ತೋರಿಸಿದರೆ ಸಾಲದೇ ಅಂತ ಹಿಂದಿನ ಸಭೆಯಲ್ಲಿ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ವಿಡಿಯೋ ನಾನೂ ತೋರಿಸುತ್ತೇನೆ, ಉಪಯೋಗವೂ ಇದೆ. ಆದರೆ ವಿಡಿಯೋದಲ್ಲಿ ಪ್ರಯೋಗ ಯಾವತ್ತೂ ಸರಿಯಾಗೇ ಬರುತ್ತದೆ. ಈರುಳ್ಳಿ ಸಿಪ್ಪೆ ದಪ್ಪ ಕತ್ತರಿಸಿದರೆ ಜೀವಕೋಶ ಕಾಣುವುದಿಲ್ಲ ಅಂತ ಮಗುವಿಗೆ ತಿಳಿಯುವುದು ತಾನೇ ದಪ್ಪ ಕತ್ತರಿಸಿದಾಗ. ಇನ್ನೊಮ್ಮೆ ತೆಳುವಾಗಿ ತೆಗೆದು, ಗಾಜಿನ ಕೆಳಗಿಟ್ಟು, ಇಟ್ಟಿಗೆ ಜೋಡಿಸಿದ ಹಾಗೆ ಸಾಲುಸಾಲು ಕೋಶ ಕಂಡಾಗ ಆ ಮುಖ ನೀವು ನೋಡಬೇಕು.

ಮುಂದಿನ ಓದಿಗೂ ಇದು ಬೇಕು. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರಕ್ಕೂ ತಲಾ 30 ಅಂಕದ ಪ್ರಾಯೋಗಿಕ ಪರೀಕ್ಷೆ ಇದೆ. ಪೇಟೆಯ ಶಾಲೆಯಿಂದ ಬಂದವರ ಪಕ್ಕದಲ್ಲಿ ನಮ್ಮ ಮಕ್ಕಳು ಬ್ಯುರೆಟ್ ಹಿಡಿಯಲು ಹೆದರುತ್ತಾ ನಿಲ್ಲುವುದು ನನಗೆ ಬೇಸರ. ಅವರು ದಡ್ಡರಲ್ಲ. ಕೈಗೆ ಕೊಟ್ಟವರಿಲ್ಲ, ಅಷ್ಟೆ.

ನಮ್ಮ ಊರೇ ದೊಡ್ಡ ಪಾಠ. ಅಘನಾಶಿನಿಯಲ್ಲಿ ಉಬ್ಬರ ಬಂದಾಗ ನೀರು ಎಷ್ಟು ಉಪ್ಪು, ಇಳಿತದಲ್ಲಿ ಎಷ್ಟು? ಬೇಸಿಗೆಯಲ್ಲಿ ಕೆಲವರ ಮನೆ ಬಾವಿಗೆ ಉಪ್ಪು ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಯಾಕೆ? ಗಜನಿಯ ಉಪ್ಪುನೆಲದಲ್ಲಿ ಕಗ್ಗ ಭತ್ತ ಹೇಗೆ ಬದುಕುತ್ತದೆ? ಮಕ್ಕಳು ಬಾಟಲಿಯಲ್ಲಿ ನೀರು ತರಲಿ, ಪರೀಕ್ಷೆ ಮಾಡಲಿ, ವಹಿಯಲ್ಲಿ ಬರೆದಿಡಲಿ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ.

ಸುರಕ್ಷತೆಯ ಬಗ್ಗೆ ಪಾಲಕರು ಕೇಳುತ್ತಾರೆ, ಕೇಳಲೇಬೇಕು. ಗ್ಯಾಸ್ ಸಿಲಿಂಡರ್ ತರುವುದಿಲ್ಲ, ಸ್ಪಿರಿಟ್ ದೀಪ ಸಾಕು. ಆಮ್ಲದ ಬಾಟಲಿಗಳು ಬೀಗದಲ್ಲಿರುತ್ತವೆ, ನೀರು ಬೆರೆಸಿ ತೆಳು ಮಾಡುವುದು ಶಿಕ್ಷಕರೇ. ಒಮ್ಮೆಗೆ ಅರ್ಧ ತರಗತಿ ಮಾತ್ರ ಒಳಗೆ. ಶಾಲೆಯ ಬಾವಿ ಆ ಕೋಣೆಗೆ ಹತ್ತಿರ ಇದೆ, ಚಿರೇಕಲ್ಲಿನ ನೆಲ ನೀರು ಬೇಗ ಹೀರುತ್ತದೆ. ಹಾಗಾಗಿ ಮೈಲುತುತ್ತದಂಥ ನೀರನ್ನು ಸಿಂಕಿಗೆ ಬಿಡದೆ ಡ್ರಮ್ಮಿನಲ್ಲಿ ಬೇರೆ ತೆಗೆದಿಡುತ್ತೇವೆ. ಸಿಂಕಿನ ಪೈಪನ್ನು ಬಾವಿಯ ವಿರುದ್ಧ ದಿಕ್ಕಿಗೆ ಒಯ್ಯುವ ಖರ್ಚೂ ಆ 46,000ದಲ್ಲಿದೆ.

ಈಗ ಮೊಳೆ ತೆಗೆಯುತ್ತೇನೆ. ನೋಡಿ, ನೀರಿನಲ್ಲಿದ್ದ ಭಾಗ ಕೆಂಪು ಕಂದಾಗಿದೆ. ಅದು ತಾಮ್ರ. ಕಾಗದದ ಮೇಲಿಟ್ಟು ಕಳಿಸುತ್ತೇನೆ, ಎಲ್ಲರೂ ಹತ್ತಿರದಿಂದ ನೋಡಿ.

ನನ್ನ ಬೇಡಿಕೆ ಇಷ್ಟು. ಕೋಣೆಯ ಕೆಲಸದ 2,53,000ಕ್ಕೆ ಇವತ್ತೇ ಒಪ್ಪಿಗೆ ಕೊಡಿ. ಹೆಂಚಿನ ಕೆಲಸ ಏಪ್ರಿಲ್, ಮೇ ತಿಂಗಳಲ್ಲೇ ಆಗಬೇಕು. ಜೂನ್ ಮಳೆ ಹಿಡಿದರೆ ಇನ್ನೊಂದು ವರ್ಷ ಹೋಯಿತು. ಸಾಮಾನಿನ 1,97,000ಕ್ಕೆ ಆಗಸ್ಟ್‌ವರೆಗೆ ಸಮಯವಿದೆ. ಅದರಲ್ಲಿ ಒಂದು ಪಾಲನ್ನು ಹಳೆಯ ವಿದ್ಯಾರ್ಥಿಗಳಿಂದ ಕೂಡಿಸುವ ಜವಾಬ್ದಾರಿ ನಾವು ಮೂವರು ವಿಜ್ಞಾನ ಶಿಕ್ಷಕರು ಹೊರುತ್ತೇವೆ. ಮೂರೂ ಕಡೆಯ ದರಪಟ್ಟಿ ಕಾರ್ಯದರ್ಶಿಗಳ ಹತ್ತಿರ ಇದೆ. ಯಾವ ಸಾಲಿನ ಬಗ್ಗೆ ಬೇಕಾದರೂ ಕೇಳಿ, ಹೇಳುತ್ತೇನೆ.