ಎದೆಯ ಎಕ್ಸ್‌ರೇ ಚೆಕ್‌ಲಿಸ್ಟ್: ಟ್ರೇಕಿಯದಿಂದ ಚರ್ಮದವರೆಗೆ

ಹನ್ನೊಂದು ಪುಟದ ನೋಟ್ಸ್ ಇಷ್ಟಕ್ಕೆ ಇಳಿದಿದೆ. ಕ್ರಮ ಮಾತ್ರ ಬದಲಾಯಿಸಬೇಡಿ. ದೊಡ್ಡ ಬಿಳಿ ಮಚ್ಚೆ ಕಣ್ಣಿಗೆ ಬಿದ್ದರೂ ಅದನ್ನು ಗುರುತು ಹಾಕಿಕೊಂಡು ಮುಂದಿನ ಹೆಜ್ಜೆಗೆ ಹೋಗಿ. ಕಳೆದ ಪೋಸ್ಟಿಂಗ್‌ನಲ್ಲಿ ಬಲಗಡೆ ನೀರು ತುಂಬಿದ್ದು ಕಂಡ ಕೂಡಲೇ ನಾನು ನೋಡೋದು ನಿಲ್ಲಿಸಿದೆ, ಎಡಗಡೆ ಮುರಿದ ಪಕ್ಕೆಲುಬು ಹಾಗೇ ಉಳಿದುಹೋಯಿತು.

ಶುರುವಿಗೆ ಫಿಲ್ಮ್. ಹೆಸರು, ದಿನಾಂಕ, ಎಡ-ಬಲದ ಗುರುತು. ಪಿಎ ವ್ಯೂನಾ, ಎಪಿನಾ? ಎರಡೂ ಕ್ಲಾವಿಕಲ್‌ಗಳ ಒಳತುದಿ ನಡುವಿನ ಸ್ಪೈನಸ್ ಪ್ರೊಸೆಸ್‌ಗೆ ಸಮದೂರದಲ್ಲಿದ್ದರೆ ರೋಗಿ ತಿರುಗಿ ನಿಂತಿಲ್ಲ. ಡಯಾಫ್ರಮ್ ಮೇಲೆ ಮುಂಭಾಗದ ಪಕ್ಕೆಲುಬು 5ರಿಂದ 7 ಸಿಗಬೇಕು. ಕಡಿಮೆ ಸಿಕ್ಕರೆ ಉಸಿರು ಪೂರ್ತಿ ಎಳೆದಿಲ್ಲ, ಬುಡದ ಬಿಳುಪನ್ನು ಸುಮ್ನೆ ನ್ಯುಮೋನಿಯಾ ಅನ್ನಬೇಡಿ.

ಎ, ಏರ್‌ವೇ: ಟ್ರೇಕಿಯ ನಡುವೆ ಇದೆಯಾ? ಸ್ವಲ್ಪ ಬಲಕ್ಕಿದ್ದರೆ ಸಹಜ. ಕೊಲ್ಯಾಪ್ಸ್, ಫೈಬ್ರೋಸಿಸ್ ಇದ್ದರೆ ತನ್ನ ಕಡೆಗೆ ಎಳೆಯುತ್ತದೆ, ಜಾಸ್ತಿ ನೀರು ಅಥವಾ ಟೆನ್ಷನ್ ನ್ಯುಮೋಥೊರಾಕ್ಸ್ ಆಚೆ ತಳ್ಳುತ್ತದೆ. (ಟೆನ್ಷನ್ ಅನುಮಾನ ಬಂದರೆ ಫಿಲ್ಮ್‌ಗೆ ಕಾಯಲೇಬಾರದು, ಮೊದಲು ಚಿಕಿತ್ಸೆ.) ಟ್ಯೂಬ್ ಹಾಕಿದ್ದರೆ ಅದರ ತುದಿ ಕರೈನಾಗಿಂತ 3ರಿಂದ 5 ಸೆಂ.ಮೀ. ಮೇಲಿರಬೇಕು. ಕೆಳಗಿಳಿದರೆ ಸಾಮಾನ್ಯವಾಗಿ ಬಲ ಬ್ರಾಂಕಸ್‌ಗೆ ಹೋಗುತ್ತದೆ, ಅದು ಅಗಲ, ಹೆಚ್ಚು ನೇರ ಅಲ್ವಾ.

ಬಿ, ಶ್ವಾಸಕೋಶ: ಮೇಲೆ, ನಡುವೆ, ಕೆಳಗೆ, ಪ್ರತಿ ಸಲ ಎಡ-ಬಲ ಹೋಲಿಸಿಯೇ ಇಳಿಯಿರಿ. ಕ್ಲಾವಿಕಲ್ ಹಿಂದೆ ಅಡಗಿದ ಏಪೆಕ್ಸ್‌ಗೆ ಇನ್ನೊಮ್ಮೆ ಹೋಗಿ, ಟಿಬಿ ಅಲ್ಲೇ ಕೂತಿರಬಹುದು. ಅಂಚಿನಲ್ಲಿ ತೆಳು ಗೆರೆ ಕಂಡು ಅದರಾಚೆ ರಕ್ತನಾಳದ ಗುರುತೇ ಇಲ್ಲದಿದ್ದರೆ ನ್ಯುಮೋಥೊರಾಕ್ಸ್. ಎಡ ಹೈಲಮ್ ಬಲಕ್ಕಿಂತ ಸ್ವಲ್ಪ ಮೇಲಿರುವುದು ಸಹಜ.

ಸಿ, ಹೃದಯ: ಪಿಎ ಫಿಲ್ಮ್‌ನಲ್ಲಿ ದೊಡ್ಡವರಿಗೆ ಎದೆಯ ಅಗಲದ 50%ಗಿಂತ ಜಾಸ್ತಿ ಇರಬಾರದು. ಎಪಿಯಲ್ಲಿ ದೊಡ್ಡದಾಗಿಯೇ ಕಾಣುತ್ತದೆ, ಹಾಗಾಗಿ ಅಲ್ಲಿ ಈ ಲೆಕ್ಕ ನಂಬಬೇಡಿ. ನನ್ನ ಪ್ರಕಾರ ಅಳತೆಗಿಂತ ಅಂಚು ಮುಖ್ಯ: ಬಲ ಅಂಚು ಮಸುಕಾದರೆ ಮಿಡಲ್ ಲೋಬ್, ಎಡ ಅಂಚು ಮಸುಕಾದರೆ ಲಿಂಗ್ಯುಲಾ, ಡಯಾಫ್ರಮ್ ಅಂಚೇ ಅಳಿಸಿಹೋದರೆ ಲೋವರ್ ಲೋಬ್ ನೆನಪಿಗೆ ಬರಬೇಕು. ಹೃದಯದ ಹಿಂದೆಯೂ ನೋಡಿ.

ಡಿ, ಡಯಾಫ್ರಮ್: ಬಲಗಡೆ ತುಸು ಎತ್ತರ. ಮೂಲೆಗಳು ಚೂಪಾಗಿವೆಯಾ? ನಿಂತು ತೆಗೆದ ಪಿಎ ಫಿಲ್ಮ್‌ನಲ್ಲಿ ಮೂಲೆ ಮೊಂಡಾಗಿ ಕಾಣಲು ಸುಮಾರು 200 ಮಿ.ಲೀ. ನೀರು ಬೇಕು. ಡಯಾಫ್ರಮ್ ಕೆಳಗೆ ಕಪ್ಪು ಗಾಳಿ ಇದ್ದರೆ ಕರುಳು ತೂತಾಗಿರಬಹುದು, ಎಡಗಡೆ ಜಠರದೊಳಗಿನ ಗಾಳಿಯನ್ನು ಅದಕ್ಕೆ ಬೆರೆಸಬೇಡಿ.

ಇ, ಉಳಿದದ್ದು: ಪಕ್ಕೆಲುಬನ್ನು ಒಂದೊಂದಾಗಿ, ಬೆರಳಿಟ್ಟು. ಕ್ಲಾವಿಕಲ್, ಭುಜ, ಬೆನ್ನುಮೂಳೆ. ಕೊನೆಗೆ ಮೃದು ಅಂಗಾಂಶ: ಕುತ್ತಿಗೆ, ಕಂಕುಳಲ್ಲಿ ಗಾಳಿಯ ಕಪ್ಪು ಎಳೆಗಳಿವೆಯಾ? ಎರಡೂ ಸ್ತನದ ನೆರಳಿದೆಯಾ? ಒಂದನ್ನು ತೆಗೆದಿದ್ದರೆ ಆ ಕಡೆಯ ಶ್ವಾಸಕೋಶ ಹೆಚ್ಚು ಕಪ್ಪಾಗಿ ಕಾಣುತ್ತದೆ, ರೋಗ ಅಂದುಕೊಳ್ಳಬೇಡಿ.