ಪ್ರಶ್ನೆ 7: ವೆಚ್ಚ ಪರಿಣಾಮಕಾರಿತ್ವದ ದೃಷ್ಟಿಯಿಂದ ಇಂಗಾಲ ವ್ಯಾಪಾರ ಮತ್ತು ಇಂಗಾಲ ತೆರಿಗೆಯನ್ನು ಸ್ಥಳೀಯ ಉದಾಹರಣೆಯೊಂದಿಗೆ ಹೋಲಿಸಿ. (15 ಅಂಕ)

ಉತ್ತರ: ನಿಗದಿತ ಪ್ರಮಾಣದ ಹೊರಸೂಸುವಿಕೆಯನ್ನು ಅತಿ ಕಡಿಮೆ ಒಟ್ಟು ಖರ್ಚಿನಲ್ಲಿ ತಗ್ಗಿಸುವುದೇ ವೆಚ್ಚ ಪರಿಣಾಮಕಾರಿತ್ವ. ಎಷ್ಟು ತಗ್ಗಿಸಬೇಕು ಎಂಬುದು ದಕ್ಷತೆಯ ಪ್ರಶ್ನೆ, ಅದು ಬೇರೆ. ಇನ್ನೊಂದು ಟನ್ ತಗ್ಗಿಸಲು ತಗಲುವ ಖರ್ಚೇ ಸೀಮಾಂತ ತಗ್ಗಿಸುವ ವೆಚ್ಚ; ಅದು ಎಲ್ಲ ಘಟಕಗಳಲ್ಲೂ ಸಮವಾದಾಗ ಒಟ್ಟು ಖರ್ಚು ಕನಿಷ್ಠವಾಗುತ್ತದೆ.

ಹರಿಹರದಲ್ಲಿ ಒಂದು ಕಾರ್ಖಾನೆ (ಅ), ಚಿತ್ರದುರ್ಗದ ಬಳಿ ಒಂದು ಸಿಮೆಂಟ್ ಘಟಕ (ಆ) ಇವೆ ಎಂದು ಭಾವಿಸೋಣ. q ಟನ್ ತಗ್ಗಿಸುವಾಗ ಸೀಮಾಂತ ವೆಚ್ಚ ಅ-ಗೆ 10q ರೂಪಾಯಿ, ಆ-ಗೆ 30q ರೂಪಾಯಿ; ಈ ರೇಖೆಗಳ ಕೆಳಗಿನ ವಿಸ್ತೀರ್ಣವೇ ಒಟ್ಟು ಖರ್ಚು, ಅ-ಗೆ 5q², ಆ-ಗೆ 15q². ಸುಣ್ಣದ ಕಲ್ಲು ಸುಟ್ಟಾಗ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ಸಿಮೆಂಟಿಗೆ ಈ ಕೆಲಸ ದುಬಾರಿ. ಒಟ್ಟು 80 ಟನ್ ತಗ್ಗಬೇಕು.

ಇಬ್ಬರಿಗೂ ತಲಾ 40 ಟನ್ ಎಂದು ಆದೇಶಿಸಿದರೆ: 8,000 + 24,000 = 32,000 ರೂ.
ಅ 60, ಆ 20 ಟನ್ ತಗ್ಗಿಸಿದರೆ: 18,000 + 6,000 = 24,000 ರೂ.

ಎರಡನೆಯ ಹಂಚಿಕೆಯಲ್ಲಿ ಇಬ್ಬರ ಸೀಮಾಂತ ವೆಚ್ಚವೂ 600 ರೂಪಾಯಿ. ಟನ್ನಿಗೆ 600 ರೂಪಾಯಿ ತೆರಿಗೆ ಹಾಕಿದರೂ ಇದೇ ಫಲ. ವ್ಯಾಪಾರದಲ್ಲಾದರೆ ಸರ್ಕಾರ ಒಟ್ಟು ಮಿತಿ ಹಾಕಿ, ಒಂದು ಟನ್ ಹೊರಸೂಸಲು ಒಂದರಂತೆ ಮಾರಬಹುದಾದ ಪರವಾನಗಿಗಳನ್ನು ಹಂಚುತ್ತದೆ. ಆಗ ತಲಾ 40 ಟನ್ ಹೊಣೆ ಹೊತ್ತ ಇಬ್ಬರಲ್ಲಿ ಆ, ಅ-ಯಿಂದ 20 ಪರವಾನಗಿಗಳನ್ನು 12,000 ರೂಪಾಯಿಗೆ ಕೊಳ್ಳುತ್ತದೆ. 24,000 ಖರ್ಚಾಗಬೇಕಿದ್ದಲ್ಲಿ ಅದಕ್ಕೆ 18,000 ಸಾಕು. ಅ-ಗೆ ಉಳಿಯುವ ಹೊರೆ 8,000ದ ಬದಲು 6,000. ಹೀಗೆ, ಮಾಹಿತಿ ಪೂರ್ಣವಾಗಿದ್ದರೆ ಎರಡೂ ಸಮಾನ.

ವ್ಯತ್ಯಾಸ ಹುಟ್ಟುವುದು ಅನಿಶ್ಚಿತತೆಯಲ್ಲಿ. ಕಾರ್ಖಾನೆಯ ಒಳಖರ್ಚು ಸರ್ಕಾರಕ್ಕೆ ತಿಳಿಯದು. ತೆರಿಗೆ ಬೆಲೆಯನ್ನು ಕಟ್ಟಿಹಾಕುತ್ತದೆ, ಪ್ರಮಾಣ ಜಾರಬಹುದು. ವ್ಯಾಪಾರ ಪ್ರಮಾಣವನ್ನು ಕಟ್ಟಿಹಾಕುತ್ತದೆ, ಬೆಲೆ ಜಿಗಿಯಬಹುದು, ಕುಸಿಯಲೂಬಹುದು. 2005ರಲ್ಲಿ ಆರಂಭವಾದ ಐರೋಪ್ಯ ಒಕ್ಕೂಟದ ಇಂಗಾಲ ವ್ಯಾಪಾರ ವ್ಯವಸ್ಥೆಯಲ್ಲಿ ಪರವಾನಗಿಗಳನ್ನು ಅಗತ್ಯಕ್ಕಿಂತ ಹೆಚ್ಚು ಹಂಚಲಾಗಿತ್ತು. ಮುಂದಿನ ಹಂತಕ್ಕೆ ಉಳಿಸಿಕೊಳ್ಳಲೂ ಅವಕಾಶವಿರಲಿಲ್ಲ. 2007ರಲ್ಲಿ ಬೆಲೆ ಶೂನ್ಯದ ಸಮೀಪಕ್ಕೆ ಇಳಿಯಿತು. ಅಂಥ ಬೆಲೆಯನ್ನು ನಂಬಿ ಯಾರೂ ಹೊಸ ಯಂತ್ರಕ್ಕೆ ಹಣ ಹೂಡುವುದಿಲ್ಲ. ಅರ್ಥಶಾಸ್ತ್ರಜ್ಞ ಮಾರ್ಟಿನ್ ವೈಟ್ಸ್‌ಮನ್ 1974ರಲ್ಲಿ ತೋರಿಸಿದ ನಿಯಮದಂತೆ, ಸೀಮಾಂತ ಹಾನಿಯ ರೇಖೆ ಸೀಮಾಂತ ವೆಚ್ಚದ ರೇಖೆಗಿಂತ ಚಪ್ಪಟೆಯಾಗಿದ್ದರೆ ಬೆಲೆಯ ಸಾಧನವೇ ಮೇಲು. ಇಂಗಾಲ ವಾತಾವರಣದಲ್ಲಿ ಶೇಖರವಾಗುವ ವಸ್ತು. ಒಂದು ವರ್ಷದ ಏರುಪೇರು ಹಾನಿಯನ್ನು ಹೆಚ್ಚು ಬದಲಿಸದು. ಆದ್ದರಿಂದ ಈ ವಾದ ತೆರಿಗೆಯ ಕಡೆಗೆ ವಾಲುತ್ತದೆ.

ಆಡಳಿತ ವೆಚ್ಚವನ್ನು ಪಠ್ಯದ ರೇಖಾಚಿತ್ರ ತೋರಿಸುವುದಿಲ್ಲ, ಆದರೆ ನಮ್ಮ ಜಿಲ್ಲೆಗಳಲ್ಲಿ ನಿರ್ಣಾಯಕವಾಗುವುದು ಅದೇ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ಒಂದೊಂದು ಚಿಮಣಿಯ ಹೊಗೆಯನ್ನೂ ಅಳೆದು, ದೃಢೀಕರಿಸಿ, ಪರವಾನಗಿ ಖಾತೆ ತೆರೆಯುವ ಖರ್ಚು ವ್ಯಾಪಾರದ ಲಾಭವನ್ನೇ ನುಂಗಿಬಿಡುತ್ತದೆ. ತೆರಿಗೆಯನ್ನು ಗಣಿಯ ಬಾಯಲ್ಲೇ ವಸೂಲಿ ಮಾಡಬಹುದು. ಭಾರತ 2010ರಲ್ಲಿ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದ್ದು ಹೀಗೆಯೇ. ಭತ್ತದ ಹೊಟ್ಟು ಉರಿಸುವ ಭಟ್ಟಿಗೆ ಅಂಥ ತೆರಿಗೆ ತಟ್ಟುವುದೂ ಇಲ್ಲ. ಆದರೆ ಸುಣ್ಣದ ಕಲ್ಲಿನಿಂದ ಬರುವ ಇಂಗಾಲ ಕಲ್ಲಿದ್ದಲಿನ ತೆರಿಗೆಗೆ ಸಿಗುವುದಿಲ್ಲ. ಅಲ್ಲಿ ಘಟಕಗಳು ಕೆಲವೇ, ಅಳತೆಯೂ ಸುಲಭ. ಹಾಗಾಗಿ ಸಿಮೆಂಟಿಗೆ ವ್ಯಾಪಾರವನ್ನು, ಸಣ್ಣ ಉದ್ದಿಮೆಗಳಿಗೆ ಇಂಧನದ ಮೇಲಿನ ತೆರಿಗೆಯನ್ನು ಆರಿಸುತ್ತೇನೆ.